ಧ್ಯಾನದ ಲೆಕ್ಕದಲ್ಲಿ ಜಮಾ ಮಾತ್ರ ಇರಲಿ

ಪ್ರಶ್ನೆ: ನಾನು ಡೊಂಬಿವಲಿಯವಳು, ಮುಂಬೈಯ ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. 10 ನಿಮಿಷದಿಂದ ಧ್ಯಾನ ಆರಂಭಿಸಿ, ವಾರಕ್ಕೆ 5 ನಿಮಿಷದಂತೆ ಹೆಚ್ಚಿಸುತ್ತ 25ಕ್ಕೆ ತಂದಿದ್ದೆ. ತಿಂಗಳ ಕೊನೆಯ ಕೆಲಸದಲ್ಲಿ ನಾಲ್ಕು ದಿನ ತಪ್ಪಿತು. ಮೊಬೈಲಿನ ಆ್ಯಪ್ 22 ದಿನಗಳ ಎಣಿಕೆಯನ್ನು ಸೊನ್ನೆ ಮಾಡಿತು. ಬೆಳಿಗ್ಗೆ 6ಕ್ಕೆ ಅದು ನೆನಪಿಸುವಾಗ ನಾನು ನೀರು ತುಂಬಿಸುತ್ತಿರುತ್ತೇನೆ. ಈಗ ಕೂರುವುದಕ್ಕೆ ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಎಣಿಕೆಯ ಕ್ರಮವನ್ನು ಬದಲಿಸಿ. ಕ್ಯಾಲೆಂಡರಿನ ದಿನಗಳನ್ನು ಎಣಿಸುವುದರ ಬದಲು ಕುಳಿತ ಸಲಗಳನ್ನು ಎಣಿಸಿ. ಲೆಕ್ಕಪತ್ರದವರಾದ ನಿಮಗೆ ಇದನ್ನು ಹೇಳುವುದು ಸುಲಭ: ಈ ಪುಸ್ತಕದಲ್ಲಿ ಜಮಾದ ಕಡೆ ಮಾತ್ರ ಇದೆ. ಕುಳಿತ ದಿನ ಒಂದು ನಮೂದು, ಕೂರದ ದಿನ ನಮೂದೇ ಇಲ್ಲ. ಹಿಂದಿನ ಬಾಕಿಯಿಂದ ಏನನ್ನೂ ಕಳೆಯುವಂತಿಲ್ಲ. ನಿಮ್ಮ ಆ್ಯಪ್ ಸೊನ್ನೆ ಮಾಡಿದ್ದು ಸತತವಾಗಿ ಕುಳಿತ ದಿನಗಳ ಸಂಖ್ಯೆಯನ್ನಷ್ಟೇ. ಆ 22 ಸಲ ಕುಳಿತದ್ದು ಎಲ್ಲಿಗೂ ಹೋಗಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿ ಹೊಸ ದಿನಚರಿಯೊಂದನ್ನು ರೂಢಿಸಿಕೊಳ್ಳುವುದನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಒಂದು ಸಲ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ರೂಢಿಯಾಗಲು ಬೇಕಾದ ಕಾಲವಂತೂ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ ಎಂಬಷ್ಟು ಬೇರೆಬೇರೆಯಾಗಿತ್ತು. ಅಲ್ಲಿ ಗಮನಿಸಿದ್ದು ಊಟ, ಪಾನೀಯ, ವ್ಯಾಯಾಮದಂಥ ರೂಢಿಗಳನ್ನು. ಹೇಳಿದ್ದು ಒಂದೊಂದು ಸಲ ತಪ್ಪುವುದನ್ನು ಕುರಿತು. ನಾಲ್ಕು ದಿನದ ಬಿಡುವಿಗೆ ಬೇರೆ ಉಪಾಯ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಏರಿಕೆಯೂ ಕಡಿದಾಗಿತ್ತು. ನಾಲ್ಕನೆಯ ವಾರಕ್ಕೇ ಅವಧಿ ಎರಡೂವರೆ ಪಟ್ಟಾಗಿದೆ. ಲೋಕಲ್ ಹಿಡಿಯುವ ಮನೆಯಲ್ಲಿ ಬೆಳಗಿನ 15 ನಿಮಿಷ ಹೆಚ್ಚುವರಿಯಾಗಿ ಎಲ್ಲಿಂದಲೋ ಬರುವುದಿಲ್ಲ, ನಿದ್ದೆಯಿಂದಲೋ ತಿಂಡಿಯಿಂದಲೋ ಕಡಿದೇ ಬರಬೇಕು. ಆದ್ದರಿಂದ ಮತ್ತೆ 10 ನಿಮಿಷಕ್ಕೆ ಬನ್ನಿ. ಅದೇ ಅವಧಿಯಲ್ಲಿ 10 ಸಲ ಕುಳಿತ ಮೇಲೆ, ಅದಕ್ಕೆ ಎರಡು ವಾರ ಹಿಡಿಯಲಿ ಮೂರು ವಾರ ಹಿಡಿಯಲಿ, 2 ನಿಮಿಷ ಸೇರಿಸಿ. ಒಂದು ಪರೀಕ್ಷೆಯಿದೆ: ಕೊನೆಯ ಮೂರು ಸಲ ಗಂಟೆ ಬಾರಿಸುವ ಮೊದಲೇ ಗಡಿಯಾರ ನೋಡಿದ್ದರೆ ಅಥವಾ ಕಾಲು ಜೋಮು ಹಿಡಿದು ಮತ್ತೆ ಮತ್ತೆ ಭಂಗಿ ಬದಲಿಸಿದ್ದರೆ ಏರಿಸಬೇಡಿ, ಇನ್ನೂ ಐದು ಸಲ ಅಲ್ಲೇ ಇರಿ. ಜೋಮು ಹಿಡಿದರೆ ಅದು ಮನಸ್ಸಿನ ಸೋಲಲ್ಲ, ಕುರ್ಚಿಯಲ್ಲಿ ಕೂರಿ ಎಂಬ ಸೂಚನೆ.

ಲೆಕ್ಕ ಹಾಕಿ ನೋಡೋಣ. 10ರಿಂದ 20 ನಿಮಿಷಕ್ಕೆ ಐದು ಮೆಟ್ಟಿಲು, ಅಂದರೆ 50 ಸಲ. ವಾರಕ್ಕೆ ಐದು ದಿನ ಕುಳಿತರೂ ಹತ್ತು ವಾರ. ನಡುವೆ ಎರಡು ತಿಂಗಳ ಕೊನೆಗಳು ತಲಾ ನಾಲ್ಕೈದು ದಿನ ತಿಂದರೂ ಹನ್ನೆರಡು ವಾರದೊಳಗೆ ಮುಗಿಯುತ್ತದೆ. ಒಂದೆರಡು ದಿನ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಯಿರಿ. ಮೂರರಿಂದ ಏಳು ದಿನ ತಪ್ಪಿದರೆ, ಮರಳಿದ ಮೊದಲ ಎರಡು ಸಲ ಮಾತ್ರ ಒಂದು ಮೆಟ್ಟಿಲು ಕೆಳಗೆ ಕುಳಿತು ಮತ್ತೆ ಏರಿ. ಆ ಎರಡು ಸಲಗಳೂ ಜಮಾ ಆಗುತ್ತವೆ. ಎರಡು ವಾರ ದಾಟಿದರೆ ಅರ್ಧಕ್ಕೆ ಇಳಿಯುವುದು ಒಳ್ಳೆಯದು. ಬಿಟ್ಟ ದಿನಗಳನ್ನು ತುಂಬಿಕೊಡಲು ಒಂದೇ ದಿನ ದುಪ್ಪಟ್ಟು ಕೂರುವವರನ್ನು ನಾನು ಬಹಳ ಕಂಡಿದ್ದೇನೆ. ಮರುದಿನ ಅವರು ಕೂರುವುದಿಲ್ಲ.

ಇನ್ನು ನೆನಪಿಸುವ ವಿಧಾನ. ಬಂದ ಸೂಚನೆಯನ್ನು ಮೂರು ದಿನ ಸತತವಾಗಿ ಒರೆಸಿಹಾಕಿದ್ದರೆ ತಪ್ಪು ನಿಮ್ಮ ಸಂಕಲ್ಪದ್ದಲ್ಲ, ಅದರ ವೇಳೆಯದು. 6 ಗಂಟೆಗೆ ನೀರು ಬರುವುದು ಗೊತ್ತಿರುವಾಗ ಆ ಹೊತ್ತಿಗೆ ಸೂಚನೆ ಇಟ್ಟು ಫಲವಿಲ್ಲ. ಡ್ರಮ್ಮು, ಬಕೆಟು ತುಂಬಿ ನಲ್ಲಿ ನಿಲ್ಲಿಸುವುದೇ ನಿಮ್ಮ ಕುರುಹಾಗಲಿ. ಅದು ಆರೂವರೆಗೆ ಮುಗಿಯುವುದಾದರೆ ಸೂಚನೆಯನ್ನು 6:35ಕ್ಕೆ ಸರಿಸಿ. ಆ್ಯಪಿನಲ್ಲಿ ಸತತ ದಿನಗಳ ಎಣಿಕೆಯನ್ನು ಮರೆಮಾಡಲು ಬಂದರೆ ಮರೆಮಾಡಿ, ಇಲ್ಲದಿದ್ದರೆ ಆ್ಯಪನ್ನೇ ಬಿಟ್ಟು ಫೋನಿನ ಸಾಮಾನ್ಯ ಅಲಾರಾಂ ಬಳಸಿ. ಅದರ ಹೆಸರಿನ ಜಾಗದಲ್ಲಿ «ಇಂದು 10 ನಿಮಿಷ, ಆಗದಿದ್ದರೆ 3» ಎಂದು ಬರೆಯಿರಿ. 3 ನಿಮಿಷ ಕುಳಿತ ದಿನವನ್ನೂ ಒಂದು ಸಲವೆಂದೇ ಎಣಿಸಿ, ಆದರೆ ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಅಂಥವಿದ್ದರೆ ಅವಧಿಯನ್ನು ಏರಿಸಬೇಡಿ.

ದಿನಕ್ಕೆ ಒಂದೇ ಸೂಚನೆ ಸಾಕು. «ನೀವು ಇಂದು ಕೂರಲಿಲ್ಲ» ಎನ್ನುವ ರಾತ್ರಿಯ ಸಂದೇಶವನ್ನು ನಿಲ್ಲಿಸಿ; ಮಲಗುವ ಹೊತ್ತಿಗೆ ಅದರಿಂದ ಆಗುವ ಕೆಲಸ ಏನೂ ಇಲ್ಲ, ಮುಜುಗರ ಮಾತ್ರ ಉಳಿಯುತ್ತದೆ. ತಿಂಗಳ ಕೊನೆಯ ನಾಲ್ಕು ದಿನ ಮೊದಲೇ ಗೊತ್ತಿರುವುದರಿಂದ ಆಗ ಅಲಾರಾಂ ಬಂದ್ ಮಾಡಿ, ಅದು ಮತ್ತೆ ಮೊಳಗುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಂದ್ ಮಾಡಿದ್ದನ್ನು ಮರೆಯುವ ಅಪಾಯ ತಪ್ಪಿದ ದಿನಗಳಿಗಿಂತ ದೊಡ್ಡದು.

ಅವಧಿ ಏರಿದಂತೆ ಗಾಬರಿ, ನಿದ್ರಾಹೀನತೆ ಅಥವಾ ಹಳೆಯ ನೋವಿನ ನೆನಪುಗಳು ಹೆಚ್ಚಾದರೆ ಏರಿಸುವುದನ್ನು ನಿಲ್ಲಿಸಿ, ಕಣ್ಣು ತೆರೆದೇ ಕೂರಿ. ಎರಡು ವಾರದಲ್ಲೂ ಕಡಿಮೆಯಾಗದಿದ್ದರೆ, ಅಥವಾ ತೀವ್ರವಾಗಿದ್ದರೆ ಕಾಯದೆ, ಮನೋವೈದ್ಯರನ್ನು ಕಾಣಿ.