ರೂಪಾಯಿ ಕುಸಿದರೂ ನೈಜ ದರ ಏರದಿರಬಹುದು

“ಮಾನ್ಯ ಸಂಪಾದಕರೇ, ಪದವಿ ವಿದ್ಯಾರ್ಥಿಗಳಿಗಾಗಿ ನೈಜ ವಿನಿಮಯ ದರದ ಲೆಕ್ಕಗಳನ್ನು ಬಿಡಿಸಿ ಬರೆದ ಲೇಖನವನ್ನು ಕಳುಹಿಸಿದ್ದೇನೆ. ಡಾಲರ್ 80 ರೂಪಾಯಿಯಿಂದ 82ಕ್ಕೆ ಏರಿದ್ದರಿಂದ ನಮ್ಮ ಸರಕು ಅಗ್ಗವಾಯಿತು ಎಂಬುದು ಅದರ ತೀರ್ಮಾನ. ಪ್ರಕಟಣೆಗೆ ಯೋಗ್ಯವೇ? ಏನನ್ನು ತಿದ್ದಬೇಕು?”

ಆತ್ಮೀಯರೇ,

ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಭಾಷೆ ತಿಳಿಯಾಗಿದೆ, ತಪ್ಪಿರುವುದು ಲೆಕ್ಕದಲ್ಲಿ, ಅದೂ ಮೊದಲ ಸಾಲಿನಲ್ಲಿಯೇ. ನೀವು ಭಾರತದ ಬೆಲೆಯನ್ನು ಮೇಲೆ, ಅಮೆರಿಕದ ಬೆಲೆಯನ್ನು ಕೆಳಗೆ ಇಟ್ಟಿದ್ದೀರಿ. ವಿನಿಮಯ ದರವನ್ನು ‘ಒಂದು ಡಾಲರಿಗೆ ಇಷ್ಟು ರೂಪಾಯಿ’ ಎಂದು ಹೇಳುವಾಗ ಸೂತ್ರ ಹೀಗಿರಬೇಕು:

q = E × P* / P

ಇಲ್ಲಿ q ನೈಜ ವಿನಿಮಯ ದರ, E ಮಾರುಕಟ್ಟೆಯ ವಿನಿಮಯ ದರ, P* ಅಮೆರಿಕದ ಬೆಲೆ, P ಭಾರತದ ಬೆಲೆ. ಸೂತ್ರ ಮರೆತರೂ ಮಾನಗಳನ್ನು ಬರೆದುಕೊಂಡರೆ ಸಾಕು: ಡಾಲರೂ ರೂಪಾಯಿಯೂ ಎರಡೂ ಹೊಡೆದುಹೋಗಿ, ಅಮೆರಿಕದ ಒಂದು ಬುಟ್ಟಿ ಸರಕಿಗೆ ಭಾರತದ ಎಷ್ಟು ಬುಟ್ಟಿ ಸಮ ಎಂಬುದಷ್ಟೇ ಉಳಿಯಬೇಕು. ನಿಮ್ಮ ಲೆಕ್ಕದಲ್ಲಿ ರೂಪಾಯಿಯ ವರ್ಗ ಉಳಿಯುತ್ತದೆ.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಬುಟ್ಟಿಗೆ ಅಲ್ಲಿ 10 ಡಾಲರ್, ಇಲ್ಲಿ 300 ರೂಪಾಯಿ. ಎರಡೂ ಕಡೆ ಬುಟ್ಟಿಯ ಬೆಲೆಯನ್ನು ಸಮವಾಗಿಸುವ ದರ, ಅಂದರೆ ಕೊಳ್ಳುವ ಶಕ್ತಿಯ ಸಮತೆಯ ದರ, ಡಾಲರಿಗೆ 30 ರೂಪಾಯಿ. ಮಾರುಕಟ್ಟೆಯ ದರ 80 ಆದ್ದರಿಂದ q ಸುಮಾರು 2.67. ಮರುವರ್ಷ ಅಲ್ಲಿ ಹಣದುಬ್ಬರ ಶೇ 2, ಇಲ್ಲಿ ಶೇ 6 ಆಗಿ, ಬುಟ್ಟಿಯ ಬೆಲೆ ಕ್ರಮವಾಗಿ 10.20 ಡಾಲರ್ ಮತ್ತು 318 ರೂಪಾಯಿ ಆಗುತ್ತದೆ. ಡಾಲರ್ 82ಕ್ಕೆ ಏರಿದರೆ q ಸುಮಾರು 2.63ಕ್ಕೆ ಇಳಿಯುತ್ತದೆ. ನೈಜ ದರ ಬದಲಾಗದೆ ಉಳಿಯಲು ಡಾಲರ್ ಸುಮಾರು 83.14 ರೂಪಾಯಿ ಆಗಬೇಕಿತ್ತು. ಅಷ್ಟು ಏರದೆ ನಿಂತದ್ದರಿಂದ, ಪೇಟೆಯಲ್ಲಿ ರೂಪಾಯಿ ಕುಸಿದಿದ್ದರೂ ನಮ್ಮ ಸರಕು ಅಮೆರಿಕದ ಸರಕಿಗೆ ಹೋಲಿಸಿದರೆ ಶೇ 1.4ರಷ್ಟು ದುಬಾರಿಯೇ ಆಯಿತು. ನಿಮ್ಮ ತೀರ್ಮಾನ ಪೂರ್ತಿ ತಿರುಗುಮುರುಗಾಗುವುದು ಇಲ್ಲಿಯೇ.

‘ಹಾಗಾದರೆ ರೂಪಾಯಿ ಕೊನೆಗೆ 30ಕ್ಕೆ ಬಂದು ನಿಲ್ಲುತ್ತದೆ’ ಎಂಬ ವಾಕ್ಯವನ್ನು ತೆಗೆದುಹಾಕಿ. ಬುಟ್ಟಿಯಲ್ಲಿ ಕ್ಷೌರ, ಮನೆಬಾಡಿಗೆಯಂಥವೂ ಇರುತ್ತವೆ; ಇಲ್ಲಿ ಕ್ಷೌರ ಅಗ್ಗವೆಂದು ಯಾರೂ ಅದನ್ನು ಹಡಗಿಗೆ ತುಂಬಿ ಅಲ್ಲಿ ಮಾರಲಾರರು. ಕೂಲಿ ಕಡಿಮೆಯಿರುವ ದೇಶಗಳಲ್ಲಿ ಇಂಥ ಸೇವೆಗಳು ಅಗ್ಗವಾಗಿಯೇ ಇರುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಬಲಾಸ್ಸಾ ಮತ್ತು ಸ್ಯಾಮುವೆಲ್ಸನ್ 1964ರಲ್ಲಿಯೇ ವಿವರಿಸಿದ್ದಾರೆ.

ಕೊನೆಯ ಅಭ್ಯಾಸದಲ್ಲಿ ಬುಟ್ಟಿಯ ಬೆಲೆಗೆ ಬದಲಾಗಿ ಗ್ರಾಹಕ ಬೆಲೆ ಸೂಚ್ಯಂಕಗಳನ್ನು ಬಳಸಿದ್ದೀರಿ. ನೀವು ಬಳಸಿದ ಭಾರತದ ಸರಣಿಗೆ ಮೂಲ ವರ್ಷ 2012, ಅಮೆರಿಕದ್ದಕ್ಕೆ 1982–84. ಇವುಗಳಿಂದ ಬರುವ q ಎಷ್ಟು ಎಂಬುದಕ್ಕೆ ಅರ್ಥವಿಲ್ಲ, ಎಷ್ಟು ಬದಲಾಯಿತು ಎಂಬುದಕ್ಕೆ ಮಾತ್ರ ಅರ್ಥವಿದೆ. ಆದ್ದರಿಂದ ಅದನ್ನು 1ರೊಂದಿಗೆ ಹೋಲಿಸಿ ರೂಪಾಯಿಯ ಮೌಲ್ಯ ಹೆಚ್ಚೋ ಕಡಿಮೆಯೋ ಎಂದು ಹೇಳುವಂತಿಲ್ಲ. ಹಲವು ದೇಶಗಳ ಕರೆನ್ಸಿಗಳೊಂದಿಗೆ ರೂಪಾಯಿಯನ್ನು ಒಟ್ಟಾಗಿ ಹೋಲಿಸುವ ರಿಸರ್ವ್ ಬ್ಯಾಂಕಿನ ನೈಜ ಪರಿಣಾಮಕಾರಿ ವಿನಿಮಯ ದರವನ್ನು ಪಕ್ಕದಲ್ಲಿಡುವುದಾದರೆ, ಅದರ ದಿಕ್ಕು ನಮ್ಮ ಸೂತ್ರಕ್ಕೆ ವಿರುದ್ಧ, ಅಂದರೆ ಅಲ್ಲಿ ಏರಿಕೆಯೆಂದರೆ ರೂಪಾಯಿಯ ನೈಜ ಮೌಲ್ಯವೃದ್ಧಿ, ಎಂಬ ಒಂದು ಸಾಲನ್ನು ಸೇರಿಸಿ ಕಳುಹಿಸಿ.

ಇತಿ,
ಸಂಪಾದಕ