ಸಕಲೇಶಪುರಕ್ಕೆ ರಾತ್ರಿ ಹೊರಡೋದಾ, ಬೆಳಗ್ಗೆನಾ?

"ಶುಕ್ರವಾರ ಆಫೀಸ್ ಮುಗಿಸಿ ರಾತ್ರಿ ಹತ್ತಕ್ಕೆ ಬೆಂಗಳೂರಿಂದ ಸಕಲೇಶಪುರಕ್ಕೆ ಹೊರಡ್ತೀವಿ. ಐದು ಜನ, ಲಗೇಜು ಇದೆ. ಡ್ರೈವಿಂಗ್ ನಾನೊಬ್ಬನೇ. ಏನೇನು ನೋಡ್ಕೋಬೇಕು?"

ದಯವಿಟ್ಟು ರಾತ್ರಿ ಹೊರಡಬೇಡಿ. ದಾರಿ ಸುಮಾರು 220 ಕಿ.ಮೀ. ಅಷ್ಟೇ. ಮಲಗೆದ್ದು ಶನಿವಾರ ಬೆಳಗ್ಗೆ ಐದಕ್ಕೆ ಹೊರಟರೆ ನೆಲಮಂಗಲದ ಟ್ರಾಫಿಕ್ಕೂ ಕಡಿಮೆ. ದಿನವಿಡೀ ಕೆಲಸ ಮಾಡಿದವರಿಗೆ ಹಾಸನ ದಾಟುವ ಹೊತ್ತಿಗೆ ನಡುರಾತ್ರಿ ಮೀರಿರುತ್ತದೆ, ನಿದ್ದೆ ಒತ್ತಿಕೊಂಡು ಬರೋ ಹೊತ್ತದು. ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಾಗದಿದ್ದರೆ, ಗಾಡಿ ಬಿಳಿ ಗೆರೆ ಕಡೆ ವಾಲುತ್ತಿದ್ದರೆ ಆಗಲೇ ಕಣ್ಣು ಮುಚ್ಚಿರಬಹುದು. ಕಿಟಕಿ ಇಳಿಸಿ, ಹಾಡು ಜೋರು ಮಾಡಿದರೆ ಸಾಲದು. ಬಂಕಿನಲ್ಲಿ ನಿಲ್ಲಿಸಿ, ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ. ಏಳುವಷ್ಟರಲ್ಲಿ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಭಾನುವಾರ ಊಟ ಆದ ಕೂಡಲೇ ಹೊರಟರೂ ಇದೇ ಕಥೆ.

ಟೈರಿನ ಗಾಳಿ ಹೊರಡೋ ಮುಂಚೆ, ತಣ್ಣಗಿದ್ದಾಗಲೇ ನೋಡಿಸಿ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಫುಲ್ ಲೋಡಿಗೆ ಬೇರೆ ಅಂಕಿ ಇರುತ್ತದೆ, ನಿಮಗೆ ಬೇಕಾದ್ದು ಅದು. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿದ್ದು ಕಂಡರೆ ಗಾಳಿ ಬಿಡಬೇಡಿ. ಸ್ಟೆಪ್ನಿಯನ್ನೂ ನೋಡಿಸಿ, ಅದನ್ನೇ ಎಲ್ಲರೂ ಮರೆಯೋದು.

ಪೆಟ್ರೋಲ್ ಹಾಸನದಲ್ಲೇ ತುಂಬಿಸಿಬಿಡಿ. ಎಸ್ಟೇಟ್ ರಸ್ತೆಗಳ ಒಳಗೆ ಬಂಕ್ ಹುಡುಕೋ ಪಾಡು ಬೇಡ.