ಹಾಳಾದ ಫ್ರಿಜ್‌ಗೆ ದುಡ್ಡು ವಾಪಸ್ ಕೇಳಿದರೆ ಮಾರಾಟಗಾರ ಉತ್ತರವನ್ನೇ ಕೊಡುತ್ತಿಲ್ಲ, ಕಾನೂನಿನಲ್ಲಿ ದಾರಿ ಏನಿದೆ?

ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ.

ಉದಾಹರಣೆಗೆ, ಹಾಸನದಲ್ಲಿರುವ ನೀವು ದೆಹಲಿಯ ಮಾರಾಟಗಾರನಿಂದ ಆನ್‌ಲೈನ್‌ನಲ್ಲಿ 18,000 ರೂಪಾಯಿಗೆ ಫ್ರಿಜ್ ತರಿಸಿದ್ದೀರಿ, ಅದು ತಂಪೇ ಆಗುತ್ತಿಲ್ಲ ಅಂದುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ವಾಸಿಸುವ ಊರಿನಲ್ಲೇ ಕೇಸು ಹಾಕಬಹುದು. ಹಾಗಾಗಿ ದೆಹಲಿಯವನೇ ಹಾಸನದ ಆಯೋಗಕ್ಕೆ ಉತ್ತರ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಮೊದಲು 1915ಕ್ಕೆ ಕರೆ ಮಾಡಿ ನೋಡಿ. ಅದು ರಾಜಿ ಮಾಡಿಸುವ ಸಹಾಯವಾಣಿಯಷ್ಟೇ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಮಾರಾಟಗಾರ ಜಗ್ಗದಿದ್ದರೆ 15 ದಿನ ಗಡುವು ಕೊಟ್ಟು ನೋಟಿಸ್ ಕಳಿಸಿ, ಆಮೇಲೆ e-jagriti.gov.in ನಲ್ಲಿ ದೂರು ದಾಖಲಿಸಿ. ಬಿಲ್, ವಾರಂಟಿ ಕಾರ್ಡ್, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ದೋಷ ಏನೆಂದು ಸರ್ವಿಸ್ ಸೆಂಟರ್‌ನವರು ಬರೆದುಕೊಟ್ಟ ಚೀಟಿ. ಬಾಯಿಮಾತಿಗೆ ಒಪ್ಪಿ ಬರಬೇಡಿ.

ಸುಮ್ಮನಿದ್ದುಬಿಟ್ಟರೆ ಮಾರಾಟಗಾರ ಬಚಾವಾಗುವುದಿಲ್ಲ. ಆಯೋಗದ ನೋಟಿಸ್ ತಲುಪಿ 30 ದಿನ, ಹೆಚ್ಚೆಂದರೆ ಇನ್ನೂ 15 ದಿನದೊಳಗೆ ಅವನು ಲಿಖಿತ ಉತ್ತರ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಸಾಕ್ಷ್ಯದ ಮೇಲೆಯೇ ಆಯೋಗ ತೀರ್ಮಾನಿಸಬಹುದು. ಬಡ್ಡಿ ಸಹಿತ ಹಣ, ಪರಿಹಾರ, ಕೇಸಿನ ಖರ್ಚು ಕೊಡಿಸಬಹುದು. ಆದೇಶ ಮೀರಿದವನಿಗೆ ಮೂರು ವರ್ಷದವರೆಗೆ ಜೈಲೂ ಆಗಬಹುದು.

ದೂರು ಕೊಡಲು ಇರುವ ಅವಧಿ ಎರಡು ವರ್ಷ ಮಾತ್ರ. ತೀರ್ಪು ಮೂರು ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳುತ್ತದಾದರೂ, ನಿಜವಾಗಿ ಹೆಚ್ಚು ಕಾಲ ಹಿಡಿಯುತ್ತದೆ.